ವಾರ್ಷಿಕೋತ್ಸವದ ಆಹ್ವಾನ ವಿಡಿಯೊ: ಮಾತು ಹೇಗಿರಬೇಕು?

ಕರಪತ್ರ ಹಂಚಿ, ಆಟೋರಿಕ್ಷಾಕ್ಕೆ ಧ್ವನಿವರ್ಧಕ ಕಟ್ಟಿ ಅಂಗಡಿಯ ವಾರ್ಷಿಕೋತ್ಸವವನ್ನು ಸಾರುವ ಪದ್ಧತಿಯ ಜೊತೆಗೆ, ಮೊಬೈಲಿನಲ್ಲಿ ಕಳುಹಿಸುವ ಕಿರು ವಿಡಿಯೊ ಈಗ ನಮ್ಮ ವರ್ತಕರಲ್ಲಿ ರೂಢಿಗೆ ಬಂದಿದೆ. ಆಟೋ ಅದೇ ಬೀದಿಗೆ ಸಂಜೆ ಮತ್ತೊಮ್ಮೆ ಬರುತ್ತದೆ. ವಿಡಿಯೊವನ್ನು ಗ್ರಾಹಕರು ಬಹುಮಟ್ಟಿಗೆ ಒಮ್ಮೆ ಮಾತ್ರ ನೋಡುತ್ತಾರೆ. ಆದುದರಿಂದ ಚಿತ್ರೀಕರಣಕ್ಕೆ ಮೊದಲೇ ಹೇಳಬೇಕಾದ ಮಾತನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಅವಶ್ಯ.

ಉದಾಹರಣೆಗೆ ಕೊಳ್ಳೇಗಾಲದಲ್ಲಿ ಒಂದು ಬಟ್ಟೆ ಅಂಗಡಿಯಿದೆ, ಅದಕ್ಕೆ 25 ವರ್ಷ ತುಂಬುತ್ತಿದೆ, ಹನೂರು ಮತ್ತು ಯಳಂದೂರಿನ ಗ್ರಾಹಕರನ್ನೂ ಕರೆಯಬೇಕಾಗಿದೆ ಎಂದು ಭಾವಿಸೋಣ.

ಮೊದಲನೆಯದಾಗಿ ದಿನಾಂಕ. ‘ನಾಳೆ’, ‘ಇದೇ ಭಾನುವಾರ’ ಎಂಬ ಮಾತುಗಳು ಕರಪತ್ರಕ್ಕೆ ಸಲ್ಲುತ್ತವೆ, ವಿಡಿಯೊಗೆ ಸಲ್ಲವು. ಒಬ್ಬರಿಂದ ಒಬ್ಬರಿಗೆ ಸಾಗುವ ವಿಡಿಯೊ ವಾರ ಕಳೆದ ಬಳಿಕವೂ, ಕೆಲವೊಮ್ಮೆ ಮರುವರ್ಷವೂ ಕೈಸೇರುತ್ತದೆ. ಆದ್ದರಿಂದ ವಾರ, ತಿಂಗಳು, ಇಸವಿ ಮೂರನ್ನೂ ಹೇಳಬೇಕು. ದಿನವನ್ನು ಆರಿಸುವಾಗ ಅಮಾವಾಸ್ಯೆಯನ್ನೂ ನೋಡಿಕೊಳ್ಳಬೇಕು. ಅಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿಬರುವ ಭಕ್ತರಿಂದ ಹನೂರು ಮಾರ್ಗದ ಬಸ್ಸುಗಳು ತುಂಬಿರುತ್ತವೆ.

ಹೆಚ್ಚು ಜಗಳಕ್ಕೆ ಎಡೆಯಾಗುವುದು ಉಡುಗೊರೆ. ‘ಬಂದವರಿಗೆಲ್ಲ ಆಕರ್ಷಕ ಉಡುಗೊರೆ’ ಎಂದು ಹೇಳಿ, ಕೌಂಟರಿನಲ್ಲಿ ‘ಎರಡು ಸಾವಿರದ ಬಿಲ್ಲಾಗಬೇಕು’ ಎಂದರೆ ಬಂದವರು ಮುನಿಯುವುದು ಸಹಜ. ವಿಷಯ ಮುನಿಸಿಗೇ ನಿಲ್ಲುವುದೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೊಡುವ ಉದ್ದೇಶವಿಲ್ಲದೆ ಉಡುಗೊರೆಯನ್ನು ಸಾರುವುದು ಹಾಗೂ ಅದರ ಬೆಲೆಯನ್ನು ಸರಕಿನ ದರದಲ್ಲಿಯೇ ಸೇರಿಸಿ ಉಚಿತವೆಂಬ ಭಾವನೆ ಮೂಡಿಸುವುದು ಅನುಚಿತ ವ್ಯಾಪಾರ ಪದ್ಧತಿಗಳು. ಮಾರಾಟ ಹೆಚ್ಚಿಸಲು ನಡೆಸುವ ಲಾಟರಿ, ಅದೃಷ್ಟದಾಟಗಳನ್ನೂ ಅದೇ ಕಲಮು ಹೆಸರಿಸಿರುವುದರಿಂದ, ‘ಲಕ್ಕಿ ಡಿಪ್’ ಇಡುವ ಮುನ್ನ ವಕೀಲರನ್ನು ಕೇಳುವುದು ಒಳ್ಳೆಯದು. ಆದಕಾರಣ ವಸ್ತು ಯಾವುದು, ಎಷ್ಟು ಬಿಲ್ಲಿಗೆ, ಒಟ್ಟು ಎಷ್ಟು ಎಂಬುದನ್ನು ವಿಡಿಯೊದಲ್ಲಿಯೇ ತಿಳಿಸಬೇಕು.

‘ಮೊದಲು ಬಂದ 300 ಮಂದಿಗೆ’ ಎಂಬ ನಿಯಮದಲ್ಲಿ ಇನ್ನೊಂದು ತೊಡಕಿದೆ. ರಾಮಾಪುರ, ಕೌದಳ್ಳಿಗಳಿಂದ ಬಸ್ಸು ಹಿಡಿದು ಬರುವವರು ತಲುಪುವ ಹೊತ್ತಿಗೆ ಊರಿನವರೇ ಎಲ್ಲವನ್ನೂ ಒಯ್ದಿರುತ್ತಾರೆ. ಅರ್ಧವನ್ನು ಬೆಳಿಗ್ಗೆ, ಉಳಿದರ್ಧವನ್ನು ಮಧ್ಯಾಹ್ನದ ಬಳಿಕ ಕೊಡುವುದು ನ್ಯಾಯವಾದ ಏರ್ಪಾಡು.

ದಾರಿ ಹೇಳುವಾಗ ‘ಎಡಕ್ಕೆ’, ‘ಬಲಕ್ಕೆ’ ಎಂದಷ್ಟೇ ಹೇಳಿದರೆ ಸಾಲದು. ಹನೂರಿನಿಂದ ಬಂದವರಿಗೂ ಯಳಂದೂರಿನಿಂದ ಬಂದವರಿಗೂ ಎಡಬಲ ಬೇರೆಯಾಗುತ್ತದೆ. ಇಬ್ಬರಿಗೂ ಪರಿಚಿತವಾದ ಬಸ್ ನಿಲ್ದಾಣದಿಂದ ಹೊರಡಿಸಿ, ಯಾವ ಊರಿನ ಕಡೆಗೆ ನಡೆಯಬೇಕೆಂದು ಹೇಳಿ, ಕಣ್ಣಿಗೆ ಬೀಳುವ ಒಂದೇ ಗುರುತನ್ನು ಕೊಡಬೇಕು. ಗುರುತುಗಳು ಮೂರು ನಾಲ್ಕಾದರೆ ಒಂದೂ ನೆನಪಿನಲ್ಲಿ ಉಳಿಯದು.

ಇಷ್ಟನ್ನೂ ಅಳವಡಿಸಿದ ಮಾತು ಹೀಗಿರಬಹುದು (ಅಂಗಡಿಯ ಹೆಸರು, ಗುರುತುಗಳನ್ನು ತಮಗೆ ತಕ್ಕಂತೆ ಬದಲಿಸಿಕೊಳ್ಳಬೇಕು):

“ಕೊಳ್ಳೇಗಾಲದ ನಮ್ಮ ಬಟ್ಟೆ ಅಂಗಡಿಗೆ 25 ವರ್ಷ. 2026ರ ಅಕ್ಟೋಬರ್ 25, ಭಾನುವಾರ, ಬೆಳಿಗ್ಗೆ 9ರಿಂದ ರಾತ್ರಿ 8ರವರೆಗೆ ವಾರ್ಷಿಕೋತ್ಸವ. ಹನೂರು, ಯಳಂದೂರು, ಕೊಳ್ಳೇಗಾಲದ ಗ್ರಾಹಕ ಬಂಧುಗಳಿಗೆಲ್ಲ ಆದರದ ಸ್ವಾಗತ. ಅಂದು 2,000 ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟ ಪ್ರತಿ ಬಿಲ್ಲಿಗೆ ಒಂದು ಸ್ಟೀಲ್ ಡಬ್ಬಿ ಉಡುಗೊರೆ. ಒಟ್ಟು 300 ಡಬ್ಬಿಗಳು. ಬೆಳಿಗ್ಗೆ 150, ಮಧ್ಯಾಹ್ನ 12ರ ಬಳಿಕ 150. ಬಸ್ ನಿಲ್ದಾಣದಿಂದ ಯಳಂದೂರಿನ ಕಡೆಗೆ ಐದು ನಿಮಿಷ ನಡೆದರೆ ಪೆಟ್ರೋಲ್ ಬಂಕ್. ಅದರ ಎದುರೇ ನಮ್ಮ ಅಂಗಡಿ. ಮತ್ತೊಮ್ಮೆ, ಅಕ್ಟೋಬರ್ 25, ಭಾನುವಾರ. ದಯಮಾಡಿ ಬನ್ನಿ.”

ಇದನ್ನು ನಿಧಾನವಾಗಿ ಓದಿದರೂ ಒಂದು ನಿಮಿಷದೊಳಗೆ ಮುಗಿಯುತ್ತದೆ. ಅಳತೆಗೆ ಪದಗಳನ್ನು ಎಣಿಸುವುದಕ್ಕಿಂತ ಗಡಿಯಾರ ಹಿಡಿದು ಓದುವುದೇ ಲೇಸು. 2,000 ಎಂಬುದು ಬರಹದಲ್ಲಿ ಒಂದು ಪದ, ಬಾಯಲ್ಲಿ ಎರಡು. ಮಾಲೀಕರ ಪರಿಚಯ, ಅಂಗಡಿಯ ಇತಿಹಾಸ ಸೇರಿಸುವ ಆಸೆ ಸಹಜವಾದರೂ ಅವುಗಳಿಗೆ ಇಲ್ಲಿ ಎಡೆಯಿಲ್ಲ.

ಬಸ್ಸಿನಲ್ಲಿ ಧ್ವನಿ ಅಡಗಿಸಿ ನೋಡುವವರೂ ಉಂಟು. ಅವರಿಗಾಗಿ ದಿನ, ವೇಳೆ, ಉಡುಗೊರೆಯ ನಿಯಮ, ದಾರಿ ಇವು ಒಂದೊಂದೂ ಬೇರೆ ಬೇರೆ ಪರದೆಯಲ್ಲಿ ದಪ್ಪ ಅಕ್ಷರದಲ್ಲಿ ಮೂಡಿ, ಎರಡು ಬಾರಿ ಓದುವಷ್ಟು ಹೊತ್ತು ನಿಲ್ಲಬೇಕು. ಒಬ್ಬರಿಂದ ಒಬ್ಬರಿಗೆ ಸಾಗುವಾಗ ಚಿತ್ರ ಮಸುಕಾಗುವ ಕಾರಣ ಸಣ್ಣ ಅಕ್ಷರದ ಷರತ್ತನ್ನು ಯಾರೂ ಓದಲಾರರು.

ಕಳುಹಿಸುವ ಮುನ್ನ ಅಂಗಡಿಯನ್ನು ಕಾಣದ ಯಳಂದೂರಿನ ಒಬ್ಬರಿಗೂ ಹನೂರಿನ ಒಬ್ಬರಿಗೂ, ಧ್ವನಿಯಿಲ್ಲದೆ ಒಂದೇ ಬಾರಿ ತೋರಿಸಿ, ಯಾವ ದಿನ, ಎಷ್ಟು ಹೊತ್ತಿಗೆ, ಏನು ಸಿಗುತ್ತದೆ, ಎಲ್ಲಿಗೆ ಬರಬೇಕು ಎಂದು ಕೇಳಬೇಕು. ಅವರು ತಡವರಿಸಿದ ಕಡೆಯ ಪರದೆಯನ್ನು ಮತ್ತೆ ಮಾಡಿಸಬೇಕು.