ನಡುಗುವ ಸ್ವರ

1903ನೆಯ ಇಸವಿಯಲ್ಲಿ ಜೋಸೆಫ್ ಯೋಆಕಿಮ್ ಎಂಬ ಪಿಟೀಲುವಾದಕರು ಧ್ವನಿಗ್ರಹಣದ ತುತ್ತೂರಿಯ ಮುಂದೆ ನಿಂತು ಐದು ಸಣ್ಣ ಕೃತಿಗಳನ್ನು ನುಡಿಸಿದರು. ಆಗ ಅವರಿಗೆ 72 ವರ್ಷ. ಜರ್ಮನಿಯ ಮಹಾ ಸಂಗೀತಕಾರ ಬ್ರಾಮ್ಸ್ ತಮ್ಮ ಪಿಟೀಲು ಕಾನ್ಚೆರ್ಟೊವನ್ನು ಅರ್ಪಿಸಿದ್ದು ಇವರಿಗೇ. ಆ ಹಳೆಯ ತಟ್ಟೆಗಳ ಧ್ವನಿ ಇಂದಿಗೂ ಕೇಳಸಿಗುತ್ತದೆ. ಅವುಗಳಲ್ಲಿ ಬಾಖ್‌ನ ಒಂದು ವಿಳಂಬಗತಿಯ ಕೃತಿಯಿದೆ. ಇಂದಿನ ಪಿಟೀಲಿಗೆ ಒಗ್ಗಿದ ಕಿವಿ ಅದನ್ನು ಮೊದಲ ಸಲ ಕೇಳಿದಾಗ ಸ್ವಲ್ಪ ತಬ್ಬಿಬ್ಬಾಗುತ್ತದೆ. ದೀರ್ಘಸ್ವರಗಳು ಬಹುಮಟ್ಟಿಗೆ ಅಲುಗಾಡದೆ, ಗೆರೆ ಎಳೆದಂತೆ ನೇರವಾಗಿ ಸಾಗುತ್ತವೆ. ಮುಪ್ಪಿನಿಂದ ಕೈ ಸೋತಿತ್ತೇನೋ ಎಂದು ಅನುಮಾನ ಬರಬಹುದು. ಹಾಗಲ್ಲ, ಆ ನೇರ ನಾದವೇ ಅವರ ಕಾಲದ ಉತ್ತಮ ಅಭಿರುಚಿಯಾಗಿತ್ತು.

ಅಲ್ಲಿ ನಮಗೆ ಕಾಣದೆ ಹೋದದ್ದು ವೈಬ್ರಾಟೊ, ಎಂದರೆ ಹಿಡಿದ ಸ್ವರದ ಮೇಲಿನ ಲಘುವಾದ ನಡುಕ. ತಂತಿಯನ್ನು ಒತ್ತಿದ ಬೆರಳಿನ ತುದಿ ಸ್ಥಳ ಬಿಡದೆ ಹಿಂದಕ್ಕೂ ಮುಂದಕ್ಕೂ ಹೊರಳುತ್ತದೆ. ಅದನ್ನು ಹೊರಳಿಸುವುದು ಮಣಿಕಟ್ಟು ಅಥವಾ ಮುಂಗೈ. ತಂತಿಯ ನುಡಿಯುವ ಭಾಗ ಒಂದಿಷ್ಟು ಉದ್ದವಾಗುತ್ತ ಗಿಡ್ಡವಾಗುತ್ತ ಶ್ರುತಿ ತಗ್ಗಿ ಏರುತ್ತದೆ. ಹಾಡುವವರಲ್ಲಿ ಗಂಟಲಿನ ಸಣ್ಣ ಸ್ನಾಯುಗಳು ಇದೇ ಕೆಲಸವನ್ನು ಬಹುಪಾಲು ತಾವಾಗಿಯೇ ಮಾಡುತ್ತವೆ. ನಮ್ಮ ಕಂಪಿತ ಗಮಕವನ್ನು ಇದರೊಡನೆ ಹೋಲಿಸುವ ಮನಸ್ಸಾಗುವುದು ಸಹಜ. ಆದರೆ ತೋಡಿಯ ಗಾಂಧಾರದಲ್ಲಿ ತೂಗಾಟವೇ ಸ್ವರದ ರೂಪ. ಅದನ್ನು ತೆಗೆದರೆ ತೋಡಿಯೇ ಉಳಿಯದು. ಪಾಶ್ಚಾತ್ಯ ಕೃತಿಯೊಂದರಿಂದ ವೈಬ್ರಾಟೊವನ್ನು ತೆಗೆದರೆ ಸ್ವರಗಳೆಲ್ಲ ಇದ್ದಲ್ಲಿಯೇ ಇರುತ್ತವೆ, ಅವುಗಳ ಬಣ್ಣ ಮಾತ್ರ ಬದಲಾಗುತ್ತದೆ.

ಈ ನಡುಕವನ್ನು ಅಳೆಯಲು ಎರಡು ಸಂಖ್ಯೆಗಳು ಸಾಕು: ಸೆಕೆಂಡಿಗೆ ಎಷ್ಟು ಸಲ ಎಂಬ ವೇಗ, ಎಷ್ಟು ದೂರ ಎಂಬ ಹರವು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಕಾರ್ಲ್ ಸೀಷೋರ್ ಮತ್ತು ಅವರ ಸಂಗಡಿಗರು 1920 ಮತ್ತು 30ರ ದಶಕಗಳಲ್ಲಿ ಪ್ರಸಿದ್ಧ ಕಲಾವಿದರ ಸ್ವರಗಳನ್ನು ಹೀಗೆ ಅಳೆದರು. ವೇಗ ಗಾಯಕರಲ್ಲಿಯೂ ಪಿಟೀಲುವಾದಕರಲ್ಲಿಯೂ ಹೆಚ್ಚುಕಡಿಮೆ ಒಂದೇ, ಸೆಕೆಂಡಿಗೆ 6ರಿಂದ 7. ಹರವಿನಲ್ಲಿ ಮಾತ್ರ ದೊಡ್ಡ ವ್ಯತ್ಯಾಸ. ಗಾಯಕರ ಸ್ವರ ಮೇಲಿನಿಂದ ಕೆಳಕ್ಕೆ ಸುಮಾರು ಅರ್ಧ ಸ್ವರದಷ್ಟು, ಎಂದರೆ ಷಡ್ಜದಿಂದ ಶುದ್ಧ ರಿಷಭಕ್ಕಿರುವಷ್ಟು ದೂರ ಓಡಾಡುತ್ತದೆ. ಪಿಟೀಲಿನದು ಅದರ ಅರ್ಧದಷ್ಟು. ಸೆಕೆಂಡಿಗೆ 440 ಕಂಪನಗಳ ಸ್ವರವನ್ನು ತೆಗೆದುಕೊಂಡರೆ, ಗಾಯಕ 427ರಿಂದ 453ರವರೆಗೆ ತೂಗುತ್ತಾನೆ, ಪಿಟೀಲುವಾದಕ 434ರಿಂದ 446ರವರೆಗೆ. ಇಷ್ಟು ತೂಗಿದರೂ ಅದು ನಮಗೆ ಅಪಶ್ರುತಿಯಾಗಿ ಕೇಳುವುದಿಲ್ಲ. ಕಿವಿ ಆ ಓಡಾಟದ ನಡುಮಧ್ಯವನ್ನು ಸ್ವರವೆಂದು ಹಿಡಿದು, ಉಳಿದದ್ದನ್ನು ನಾದದ ತುಂಬುತನವೆಂದು ಸ್ವೀಕರಿಸುತ್ತದೆ.

ಆದರೆ ಕಿವಿಯ ಈ ಔದಾರ್ಯಕ್ಕೆ ಗಡಿಯಿದೆ. ವೇಗ ಸೆಕೆಂಡಿಗೆ 5ಕ್ಕಿಂತ ಕೆಳಗಿಳಿದರೆ ಸ್ವರ ತೂರಾಡುತ್ತದೆ. ದಣಿದ ಗಂಟಲಿನ, ವಯಸ್ಸಾದ ಗಾಯಕರಲ್ಲಿ ಇದನ್ನು ಕೇಳಬಹುದು. 8ರ ಸಮೀಪಕ್ಕೆ ಹೋದರೆ ಮೇಕೆಯ ಕೂಗಿನ ನೆನಪಾಗುತ್ತದೆ. ಎಣಿಸಿ ನೋಡುವ ಕುತೂಹಲವಿರುವ ವಾಚಕರು ಒಂದು ದೀರ್ಘಸ್ವರವನ್ನು ಅರ್ಧ ವೇಗದಲ್ಲಿ ಕೇಳಲಿ. ಈಗಿನ ಫೋನುಗಳಲ್ಲಿ ಅದು ಕಷ್ಟವಲ್ಲ. ನಾಲ್ಕು ಸೆಕೆಂಡಿನ ಸ್ವರ ಎಂಟು ಸೆಕೆಂಡು ಎಳೆಯುತ್ತದೆ. ಅಷ್ಟರಲ್ಲಿ 24 ಅಲೆಗಳನ್ನು ಎಣಿಸಿದರೆ ಮೂಲ ವೇಗ ಸೆಕೆಂಡಿಗೆ 6.

ಅಭಿರುಚಿಯ ಜಗಳ ಬಹಳ ಹಳೆಯದು. 1751ರಲ್ಲಿ ಲಂಡನ್ನಿನಲ್ಲಿದ್ದ ಇಟಲಿಯ ಜೆಮಿನಿಯಾನಿ ತಮ್ಮ ಪಿಟೀಲು ಬೋಧಿನಿಯಲ್ಲಿ ಈ ನಡುಕವನ್ನು ಸಾಧ್ಯವಾದಷ್ಟೂ ಹೆಚ್ಚಾಗಿ ಬಳಸಿರೆಂದು ಬರೆದರು. ಐದೇ ವರ್ಷಗಳಲ್ಲಿ, 1756ರಲ್ಲಿ, ಲಿಯೋಪೋಲ್ಡ್ ಮೊಜಾರ್ಟ್ ತಮ್ಮ ಗ್ರಂಥದಲ್ಲಿ ಪ್ರತಿಯೊಂದು ಸ್ವರದ ಮೇಲೂ ನಡುಗುವವರನ್ನು ಬಿಡದ ಜ್ವರ ಹಿಡಿದವರಿಗೆ ಹೋಲಿಸಿ ನಕ್ಕರು. ಅವರ ಜಗತ್ಪ್ರಸಿದ್ಧ ಮಗ ವೋಲ್ಫ್‌ಗಾಂಗ್ 1778ರಲ್ಲಿ ತಂದೆಗೆ ಬರೆದ ಕಾಗದವೊಂದರಲ್ಲಿ ಮೈಸ್ನರ್ ಎಂಬ ಗಾಯಕನ ಅತಿಯಾದ ನಡುಕವನ್ನು ದೂರುತ್ತಾನೆ: ಮನುಷ್ಯನ ಕಂಠ ತಾನಾಗಿಯೇ ಕಂಪಿಸುತ್ತದೆ, ಅದು ಸೊಗಸೇ, ಮಿತಿಮೀರಿದರೆ ಮಾತ್ರ ಸ್ವಭಾವಕ್ಕೆ ವಿರುದ್ಧ ಎಂಬುದು ಅವನ ವಾದ. ಈ ಮೂವರಲ್ಲಿ ನನಗೆ ಹೆಚ್ಚು ವಿವೇಕಿಯಾಗಿ ತೋರುವವನು ಮಗನೇ.

ಮುಂದಿನ ಶತಮಾನದ ವಾದಕರೂ ಬೋಧಕರೂ ಬಹುಮಟ್ಟಿಗೆ ಮಿತಿಯ ಪಕ್ಷದಲ್ಲಿದ್ದರು. ವೈಬ್ರಾಟೊ ಒಂದು ಒಡವೆ. ಭಾವ ತೀವ್ರವಾದಲ್ಲಿ ತೊಡಿಸಬೇಕು, ಉಳಿದೆಡೆ ತೆಗೆದಿಡಬೇಕು. ಯೋಆಕಿಮ್ ತಮ್ಮ ಶಿಷ್ಯ ಮೋಸರ್ ಜೊತೆಗೂಡಿ 1905ರಲ್ಲಿ ಹೊರತಂದ ಬೋಧಿನಿಯೂ ಹೇಳುವುದು ಇದನ್ನೇ: ನೇರ ನಾದವೇ ನಿಯಮ, ನಡುಕ ಅಪವಾದ.

ಅಷ್ಟು ಹೊತ್ತಿಗೆ ವಿಯೆನ್ನಾದ ಫ್ರಿಟ್ಸ್ ಕ್ರೈಸ್ಲರ್ ಆ ನಿಯಮವನ್ನು ಸದ್ದಿಲ್ಲದೆ ಮುರಿದಿದ್ದರು. 1875ರಲ್ಲಿ ಹುಟ್ಟಿದ ಈತ ದೀರ್ಘಸ್ವರಗಳನ್ನಷ್ಟೇ ಅಲ್ಲ, ಚುರುಕಾದ ಸ್ವರಸಾಲುಗಳನ್ನೂ ಕಂಪಿಸುವಂತೆ ನುಡಿಸಿದರು. ಇದು ತಾವು ಕಂಡುಹಿಡಿದದ್ದಲ್ಲ, ವಿಯೆನಿಯಾವ್ಸ್ಕಿಯಿಂದ ಬಂದದ್ದು ಎಂದು ಕ್ರೈಸ್ಲರ್ ಹೇಳುತ್ತಿದ್ದರು. ವಿಯೆನಿಯಾವ್ಸ್ಕಿ ತೀರಿಕೊಂಡದ್ದು 1880ರಲ್ಲಾದ್ದರಿಂದ ಅವರ ತಟ್ಟೆಯೊಂದೂ ಇಲ್ಲ, ಕೇಳಿ ತೀರ್ಮಾನಿಸುವಂತಿಲ್ಲ. ಹಳಬರು ಸುಮ್ಮನಿರಲಿಲ್ಲ. ರಷ್ಯದ ಮಹಾಗುರು ಲಿಯೋಪೋಲ್ಡ್ ಔಅರ್ 1921ರಲ್ಲಿ ತಮ್ಮ ಪುಸ್ತಕದಲ್ಲಿ ಬಿಡದ ವೈಬ್ರಾಟೊವನ್ನು ನರಗಳ ಕಾಯಿಲೆಯೆಂಬಂತೆ ಖಂಡಿಸಿದರು. ತಮಾಷೆಯೆಂದರೆ, ಬಿಡದೆ ಕಂಪಿಸುವ ಹೊಸ ನಾದವನ್ನು ಜಗತ್ತಿನ ತುಂಬ ಹರಡಿದ ಎಲ್ಮನ್, ಹೈಫೆಟ್ಸ್ ಇಬ್ಬರೂ ಅವರ ಶಿಷ್ಯರೇ!

ಒಂದೇ ತಲೆಮಾರಿನಲ್ಲಿ ಒಡವೆ ಮೈಬಣ್ಣವೇ ಆಗಿಹೋದದ್ದು ಹೇಗೆ? ಗ್ರಾಮಫೋನಿನತ್ತ ಬೆರಳು ತೋರಿಸುವವರುಂಟು. ತುತ್ತೂರಿಯ ಮುಂದೆ ಪಿಟೀಲಿನ ನಾದ ಸೊರಗುತ್ತಿತ್ತು. ವಾದಕನ ಮುಖ, ಮೈಯ ಅಭಿನಯ ಕೇಳುಗನಿಗೆ ಕಾಣುತ್ತಿರಲಿಲ್ಲ. ಪದೇ ಪದೇ ಕೇಳುವ ತಟ್ಟೆಯಲ್ಲಿ ಶ್ರುತಿಯ ಸಣ್ಣ ತಪ್ಪೂ ಎದ್ದು ಕಾಣುತ್ತಿತ್ತು. ಕಂಪನ ಈ ಮೂರಕ್ಕೂ ಮದ್ದಾಯಿತೆಂಬುದು ಅವರ ವಾದ. ಇದರಲ್ಲಿ ಹುರುಳಿದೆ, ಆದರೆ ಇಷ್ಟೇ ಸಾಲದು. ಮೊದಲ ಮಹಾಯುದ್ಧದ ಕಾಲದಿಂದ ಪಿಟೀಲಿನ ಮೇಲಿನ ತಂತಿಗೆ ಕರುಳಿನ ಬದಲು ಉಕ್ಕು ಬಂದಿತು. ಉಕ್ಕಿನ ಕಟುವಾದ ನಾದವನ್ನು ಮೆದುಗೊಳಿಸಲು ನಡುಕ ಬೇಕೆನಿಸಿದ್ದರೆ ಆಶ್ಚರ್ಯವಿಲ್ಲ. ತಟ್ಟೆ ಈ ಅಭಿರುಚಿಯನ್ನು ಹುಟ್ಟಿಸಿತು ಎನ್ನುವುದಕ್ಕಿಂತ ಅದನ್ನು ಊರೂರಿಗೆ ಹೊತ್ತೊಯ್ದಿತು ಎಂದರೆ ಸರಿಯಾದೀತು.

ಗಾಯನದಲ್ಲಿ ಬದಲಾವಣೆ ಬೇರೆ ದಾರಿ ಹಿಡಿಯಿತು. 20ನೆಯ ಶತಮಾನದ ಆರಂಭದ ತಟ್ಟೆಗಳಲ್ಲಿ ಆಪೆರಾ ಗಾಯಕರ ಕಂಪನ ಚುರುಕು, ಹರವು ಕಿರಿದು. ಶತಮಾನ ಮುಂದುವರಿದಂತೆ ಅದು ಸಾಮಾನ್ಯವಾಗಿ ನಿಧಾನವಾಗಿ, ಅಗಲವಾಗುತ್ತ ಬಂದಿತು. ಅಂದು ಮೆಚ್ಚುಗೆ ಪಡೆದ ಎಷ್ಟೋ ಕಂಠಗಳು ಇಂದಿನವರಿಗೆ ಕೊಂಚ ನಡುಗುವ ಹಕ್ಕಿಯಂತೆ ಕೇಳುತ್ತವೆ.

ಪಿಟೀಲಿನ ಜಗಳವಂತೂ ಇನ್ನೂ ಮುಗಿದಿಲ್ಲ. 2008ರ ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ಇಂಗ್ಲೆಂಡಿನ ಸಂಗೀತ ನಿರ್ದೇಶಕ ರಾಜರ್ ನಾರಿಂಗ್ಟನ್, ಸ್ಟುಟ್‌ಗಾರ್ಟ್ ರೇಡಿಯೊ ವಾದ್ಯವೃಂದದಿಂದ ಎಲ್ಗರ್‌ನ ಮೊದಲನೆಯ ಸಿಂಫನಿಯನ್ನು ವೈಬ್ರಾಟೊ ಇಲ್ಲದೆ ನುಡಿಸಿದರು. ಎಲ್ಗರ್ ಬರೆದ 1908ರಲ್ಲಿ ವಾದ್ಯವೃಂದಗಳ ನಾದ ಹೀಗೆಯೇ ನೇರವಾಗಿತ್ತೆಂಬುದು ಅವರ ಹಠ. ಕೆಲವರಿಗೆ ಕೃತಿಯ ಕೊಳೆ ತೊಳೆದಂತೆನಿಸಿತು; ಇನ್ನು ಕೆಲವರಿಗೆ ಪ್ರಾಣವನ್ನೇ ಹಿಂಡಿದಂತಾಯಿತು. ನಾರಿಂಗ್ಟನ್ನರ ಪಕ್ಷದವರು ಸಾಕ್ಷಿಗೆ ಕರೆಯುವವರಲ್ಲಿ ಯೋಆಕಿಮ್ ಮೊದಲಿಗರು. ಆದರೆ 1903ರ ಅದೇ ತಟ್ಟೆಗಳಲ್ಲಿ ಯೋಆಕಿಮ್ ಸ್ವಂತವಾಗಿ ರಚಿಸಿದ ‘ರೊಮಾನ್ಸ್’ ಕೂಡ ಇದೆ. ಅದರಲ್ಲಿ ಅಲ್ಲೊಂದು ಇಲ್ಲೊಂದು ಸ್ವರದ ಮೇಲೆ, ಹಾಡು ಬಾಗುವ ತಿರುವುಗಳಲ್ಲಿ, ಆ ಮುದುಕರ ಬೆರಳು ಸಣ್ಣಗೆ ಕಂಪಿಸುವುದು ಗೊರಗೊರ ಸದ್ದಿನ ನಡುವೆಯೂ ಕೇಳುತ್ತದೆ.