ಹೆಸರು ಮುಚ್ಚಿ ಓದಿದರೆ ಮಾತು ಯಾರದು?

ಕತೆ ತಿದ್ದುವವರಲ್ಲಿ ಹಳೆಯದೊಂದು ಪರೀಕ್ಷೆ ಇದೆ. ಸಂಭಾಷಣೆ ಇರುವ ಪುಟದಲ್ಲಿ ಪಾತ್ರಗಳ ಹೆಸರನ್ನೂ ‘ಎಂದ’, ‘ಎಂದಳು’ಗಳನ್ನೂ ಪೆನ್ಸಿಲಿನಿಂದ ಹೊಡೆದುಹಾಕಿ, ಎರಡು ದಿನ ಬಿಟ್ಟು ಓದುವುದು. ಯಾವ ಮಾತು ಯಾರದೆಂದು ಬರೆದವರಿಗೇ ಗೊತ್ತಾಗದಿದ್ದರೆ, ಅಲ್ಲಿ ಮಾತಾಡುತ್ತಿರುವುದು ಪಾತ್ರಗಳಲ್ಲ, ಲೇಖಕ ಒಬ್ಬನೇ.

ಉದಾಹರಣೆಗೆ ಒಂದು ದೃಶ್ಯ ಕಟ್ಟಿಕೊಳ್ಳೋಣ. ತಿಪಟೂರು ಕಡೆಯ ಹಳ್ಳಿಯ ಮನೆ. ಅಪ್ಪ ತೀರಿಕೊಂಡಿದ್ದಾರೆ. ತೆಂಗಿನ ತೋಟ ನೋಡಿಕೊಳ್ಳುವ ಹಿರಿಯ ಶಿವಣ್ಣ, ಮದುವೆಯಾಗಿ ಶಿವಮೊಗ್ಗ ಸೇರಿದ ಸುಮಿತ್ರಾ, ಬೆಂಗಳೂರಿನಲ್ಲಿರುವ ಕಿರಿಯ ರವಿ, ಮೂವರೂ ಜಗಲಿಯಲ್ಲಿ ಕೂತಿದ್ದಾರೆ. ಮೊದಲ ಕರಡು ಹೀಗಿದೆ ಎಂದುಕೊಳ್ಳಿ:

“ತೋಟ ಮಾರುವ ವಿಷಯ ಏನು ತೀರ್ಮಾನ ಮಾಡಿದೆ ಅಣ್ಣ?” ಎಂದ ರವಿ.

“ನನಗೆ ಮಾರಲು ಇಷ್ಟವಿಲ್ಲ. ಅದು ಅಪ್ಪ ಕಷ್ಟಪಟ್ಟು ಬೆಳೆಸಿದ ತೋಟ” ಎಂದ ಶಿವಣ್ಣ.

“ಆದರೆ ನನಗೆ ಹಣ ಬೇಕು ಅಣ್ಣ. ಬೆಂಗಳೂರಿನಲ್ಲಿ ಮನೆ ಕೊಳ್ಳಬೇಕು” ಎಂದ ರವಿ.

“ನೀವಿಬ್ಬರೂ ಜಗಳ ಆಡಬೇಡಿ. ಅದರಲ್ಲಿ ನನಗೂ ಪಾಲಿದೆ” ಎಂದಳು ಸುಮಿತ್ರಾ.

ವ್ಯಾಕರಣದಲ್ಲಿ ತಪ್ಪಿಲ್ಲ, ಕತೆಯೂ ಮುಂದೆ ಹೋಗುತ್ತಿದೆ. ಆದರೆ ಮೂವರೂ ಮನಸ್ಸಿನಲ್ಲಿದ್ದುದನ್ನು ಪೂರ್ತಿ ವಾಕ್ಯಗಳಲ್ಲಿ, ಕೇಳಿದ ಪ್ರಶ್ನೆಗೆ ನೇರವಾಗಿ, ಹೆಚ್ಚುಕಮ್ಮಿ ಒಂದೇ ಉದ್ದದಲ್ಲಿ ಒಪ್ಪಿಸುತ್ತಿದ್ದಾರೆ. ತೋಟವನ್ನು ಅಪ್ಪ ಕಷ್ಟಪಟ್ಟು ಬೆಳೆಸಿದ ಸಂಗತಿ ಜಗಲಿಯಲ್ಲಿರುವ ಮೂವರಿಗೂ ಗೊತ್ತು. ಗೊತ್ತಿಲ್ಲದಿರುವುದು ಓದುಗನಿಗೆ ಮಾತ್ರ. ಅಂದರೆ ಶಿವಣ್ಣ ತಮ್ಮನ ಕಡೆ ತಿರುಗಿ ಓದುಗನಿಗೆ ಹೇಳುತ್ತಿದ್ದಾನೆ. ಮಾತುಗಳೆಲ್ಲ ಒಂದೇ ತರ ಕೇಳಿಸಲು ಇದಕ್ಕಿಂತ ದೊಡ್ಡ ಕಾರಣ ಸಾಮಾನ್ಯವಾಗಿ ಇರುವುದಿಲ್ಲ. ಮಾಹಿತಿ ಹೊರುವ ಕೆಲಸಕ್ಕೆ ಯಾರ ಬಾಯಾದರೂ ಆದೀತು.

ಇಂಥ ಕರಡು ಕಂಡಾಗ ಕನ್ನಡದ ಹೊಸ ಬರಹಗಾರರು ಮೊದಲು ಕೈಹಾಕುವುದು ಆಡುನುಡಿಗೆ. ಧಾರವಾಡದವನಿಗೆ ವಾಕ್ಯಕ್ಕೊಂದು ‘ರೀ’, ಮಂಗಳೂರಿನವನಿಗೆ ಸಾಲಿಗೊಂದು ‘ಮಾರಾಯ್ರೇ’. ಊರು ಗೊತ್ತಾಗುತ್ತದೆ ನಿಜ, ಆದರೆ ಮನುಷ್ಯ ಗೊತ್ತಾಗುವುದಿಲ್ಲ. ಒಂದೇ ಮನೆಯ ಮೂವರು ಕೂತಲ್ಲಿ ಈ ಉಪಾಯ ಕೈಕೊಡುತ್ತದೆ, ಮೂವರದೂ ಒಂದೇ ಸೀಮೆಯ ಮಾತು. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯಲ್ಲಿ ನಂಜನಗೂಡು ಸೀಮೆಯ ನುಡಿ ಪಾತ್ರಗಳಿಗಷ್ಟೇ ಅಲ್ಲ, ನಿರೂಪಣೆಗೂ ಹರಡಿಕೊಂಡಿದೆ. ಅಲ್ಲಿ ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡುವ ಕೆಲಸ ಆ ನುಡಿಯೊಂದರಿಂದಲೇ ಆಗುವಂತಿಲ್ಲ.

ಹಾಗೆಂದು ಆಡುನುಡಿ ಕೆಲಸಕ್ಕೆ ಬಾರದ್ದೇನಲ್ಲ, ಸಣ್ಣ ಚಿಟಿಕೆಯಲ್ಲಿ ಅದರ ರುಚಿ ಹೆಚ್ಚು. ಶಿವಣ್ಣ ‘ಐತೆ’ ಎನ್ನುತ್ತಾನೆ. ರವಿಯೂ ಹುಟ್ಟಿನಿಂದ ‘ಐತೆ’ಯವನೇ, ಆಫೀಸಿನವರು ನಕ್ಕಾರೆಂದು ಬೆಂಗಳೂರಿನಲ್ಲಿ ‘ಇದೆ’ ರೂಢಿಸಿಕೊಂಡಿದ್ದಾನೆ. ಜಗಳ ಏರಿದಾಗ ಒಂದೇ ಒಂದು ಸಲ ಅವನ ಬಾಯಲ್ಲಿ ‘ಐತೆ’ ಜಾರಿದರೆ, ಅವನೆಷ್ಟು ಸಿಟ್ಟಾಗಿದ್ದಾನೆಂದು ಬೇರೆ ಬರೆಯಬೇಕಾಗಿಲ್ಲ.

ಊರಿಗಿಂತ ಹೆಚ್ಚು ಕೆಲಸಕ್ಕೆ ಬರುವ ಪ್ರಶ್ನೆ ಬೇರೆಯದು. ಈ ವ್ಯಕ್ತಿ ಮಾತಿನಿಂದ ಏನು ಮಾಡುತ್ತಾನೆ? ಬೇಡದ ಪ್ರಶ್ನೆ ಬಂದಾಗ ಏನು ಮಾಡುತ್ತಾನೆ? ಶಿವಣ್ಣ ಉತ್ತರವನ್ನೇ ಕೊಡುವುದಿಲ್ಲ, ಮಾತನ್ನು ತೋಟದ ಕೆಲಸಕ್ಕೆ ಎಳೆಯುತ್ತಾನೆ. ರವಿ ಲೆಕ್ಕದ ಹಿಂದೆ ಅಡಗುತ್ತಾನೆ, ‘ನನಗೆ ಬೇಕು’ ಎಂಬುದು ಅವನ ಬಾಯಿಂದ ಹೊರಡದು. ಸುಮಿತ್ರಾ ತನ್ನ ಬಯಕೆಯನ್ನು ಗಂಡನ ಬಾಯಿಗೆ ಹಾಕಿ ಪ್ರಶ್ನೆಯಾಗಿ ಕೇಳುತ್ತಾಳೆ. ಇಷ್ಟು ತೀರ್ಮಾನವಾದ ಮೇಲೆ ಅದೇ ದೃಶ್ಯ ಹೀಗಾಗುತ್ತದೆ:

“ಅಣ್ಣ, ಎಕರೆಗೆ ಮೂವತ್ತು ಅಂತಿದಾನೆ ಪಾರ್ಟಿ. ಅಡ್ವಾನ್ಸ್ ಈ ತಿಂಗಳೇ ಕೊಡ್ತಾನಂತೆ.”

“ಮೂಲೆ ಮರಕ್ಕೆ ನುಸಿ ಬಿದ್ದೈತೆ.”

“ಅದಲ್ಲಣ್ಣ. ಎರಡು ಭಾಗ ಮಾಡಿದ್ರೂ ಒಬ್ಬೊಬ್ರಿಗೆ...”

“ಎರಡಾ?” ಸುಮಿತ್ರಾ ಲೋಟ ಕೆಳಗಿಟ್ಟಳು. “ನಮ್ಮನೆಯವರೇನೋ ಕೇಳ್ತಿದ್ರಪ್ಪ, ನಿಮ್ಮಪ್ಪಂಗೆ ಮೂರು ಜನ ಅಲ್ವಾ ಮಕ್ಕಳು ಅಂತ. ನಂಗೇನು ಗೊತ್ತಾಗುತ್ತೆ?”

“ಮಜ್ಜಿಗೆ ಕುಡಿ.”

ನಾಲ್ಕು ‘ಎಂದ’ಗಳಿದ್ದ ಕಡೆ ಒಂದು ಲೋಟ ಉಳಿದಿದೆ. ‘ಮಾರಲು ಇಷ್ಟವಿಲ್ಲ’, ‘ಹಣ ಬೇಕು’, ‘ನನಗೂ ಪಾಲಿದೆ’ ಎಂಬ ಮೂರೂ ಮಾತು ಪುಟದಿಂದ ಮಾಯವಾಗಿವೆ, ಓದುಗನಿಗೆ ಮಾತ್ರ ಮೂರೂ ಮುಟ್ಟಿವೆ. ಕೊನೆಯ ಎರಡು ಪದಗಳ ಮೇಲೆ ಹೆಸರಿಲ್ಲ. ಆದರೂ ಅದು ಶಿವಣ್ಣನದೆಂದು ಯಾರಿಗೂ ಅನುಮಾನ ಬರದು, ಏಕೆಂದರೆ ಮಾತು ತಿರುಗಿಸುವವನು ಅಲ್ಲಿ ಅವನೊಬ್ಬನೇ.

ಸಂಬೋಧನೆಯೂ ಇಲ್ಲಿ ಕೈಹಿಡಿಯುತ್ತದೆ. ‘ಅಣ್ಣ’ ಎಂದೊಡನೆ ಕಿರಿಯವನು ಹಿರಿಯನಿಗೆ ಹೇಳುತ್ತಿದ್ದಾನೆಂದು ಗೊತ್ತಾಯಿತು. ‘ಕುಡಿ’ ಎಂಬ ಏಕವಚನ, ಸಲುಗೆಯ ಜೊತೆಗೆ ಅಧಿಕಾರವನ್ನೂ ತೋರಿಸಿತು. ಇದೇ ಕುಟುಂಬ ನಾಳೆ ವಕೀಲರ ಮುಂದೆ ಕೂತಾಗ ಸುಮಿತ್ರಾ ತಮ್ಮನನ್ನು ‘ನೀವು’ ಎಂದುಬಿಟ್ಟರೆ ಸಂಬಂಧ ಎಲ್ಲಿಗೆ ಬಂತೆಂಬುದಕ್ಕೆ ವಿವರಣೆ ಬೇಡ. ಇಂಥ ಸೌಲಭ್ಯ ಭಾಷೆಯೇ ಕೊಟ್ಟಿರುವಾಗ ‘ಕೋಪದಿಂದ ಹೇಳಿದಳು’, ‘ವ್ಯಂಗ್ಯವಾಗಿ ನುಡಿದಳು’ ಎಂದು ಜೋಡಿಸುವುದು ಸಾರಿಗೆ ಎರಡು ಸಲ ಉಪ್ಪು ಹಾಕಿದಂತೆ.

ಪದಗಳ ಆಯ್ಕೆಯಲ್ಲೂ ವ್ಯಕ್ತಿ ಕಾಣಿಸುತ್ತಾನೆ. ಕೊಳ್ಳುವವನನ್ನು ರವಿ ‘ಪಾರ್ಟಿ’ ಎನ್ನುತ್ತಾನೆ, ಮೂವತ್ತರ ಮುಂದೆ ‘ಲಕ್ಷ’ ಸೇರಿಸುವುದಿಲ್ಲ. ಆ ವ್ಯವಹಾರದ ನುಡಿ ಅವನಿಗೆ ಆಗಲೇ ಅಂಟಿದೆ. ಟಿ.ಪಿ. ಕೈಲಾಸಂ ತಮ್ಮ ನಾಟಕಗಳಲ್ಲಿ ಕನ್ನಡಕ್ಕೆ ಬೆರೆಸಿದ ಇಂಗ್ಲಿಷನ್ನು ನಗೆಗೆಂದಷ್ಟೇ ನೋಡುವವರಿದ್ದಾರೆ. ಯಾರ ಮಾತಿನಲ್ಲಿ ಅದು ಎಷ್ಟು ಬೆರೆತಿದೆ ಎಂಬುದನ್ನು ಗಮನಿಸಿದರೆ ಅದು ಪಾತ್ರವನ್ನು ಅಳೆಯುವ ಪಾವು ಕೂಡ. ಕೆಲವು ಪದಗಳು ಒಂದು ಮನೆಗಷ್ಟೇ ಸೇರಿರುತ್ತವೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ನ ಹೆಸರೇ ಒಂದು ಕುಟುಂಬ ತನಗೆಂದು ಹುಟ್ಟಿಸಿಕೊಂಡ ಪದ, ನಿಘಂಟಿನಲ್ಲಿ ಸಿಗದು. ಅದನ್ನು ಬಾಯಿಗೆ ತಂದುಕೊಳ್ಳುವವರು ಆ ಮನೆಯ ಒಳಗಿನವರು.

ತಿದ್ದುವಾಗ ಇನ್ನೊಂದು ಅಭ್ಯಾಸವೂ ಉಪಯೋಗಕ್ಕೆ ಬರುತ್ತದೆ. ಕತೆಯುದ್ದಕ್ಕೂ ಇರುವ ಸುಮಿತ್ರಾಳ ಮಾತುಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿ, ಒಂದೇ ಉಸಿರಿಗೆ ಗಟ್ಟಿಯಾಗಿ ಓದುವುದು. ಎಲ್ಲಿ ಅವಳ ದನಿ ತಪ್ಪಿ ಲೇಖಕರ ಭಾಷಣ ನುಸುಳಿದೆಯೋ ಅಲ್ಲಿ ನಾಲಿಗೆ ತಡವರಿಸುತ್ತದೆ. ತದ್ವಿರುದ್ಧವಾದ ತಪ್ಪೂ ಇದೇ ಹಾಳೆಯಲ್ಲಿ ಸಿಕ್ಕಿಬೀಳುತ್ತದೆ. ‘ನಂಗೇನು ಗೊತ್ತಾಗುತ್ತೆ’ ಒಮ್ಮೆ ಬಂದರೆ ಚುಚ್ಚುತ್ತದೆ, ಹತ್ತು ಸಲ ಬಂದರೆ ಅವಳು ಧಾರಾವಾಹಿಯ ಹಾಸ್ಯಪಾತ್ರ. ಹತ್ತರಲ್ಲಿ ಎರಡು ಉಳಿಸಿ ಮಿಕ್ಕವನ್ನು ಕತ್ತರಿಸಿದರೆ ಸಾಕು. ಹಾಗೆಯೇ ‘ಹೂಂ’, ‘ಬಾ ಒಳಗೆ’ಯಂಥ ಮಾತುಗಳಿಗೂ ಮುದ್ರೆ ಒತ್ತಲು ಹೋಗಬಾರದು. ಅವು ಯಾರದಾದರೂ ಆಗಬಹುದು, ಆಗಲಿ ಬಿಡಿ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಯಾರೂ ಎಲ್ಲರೊಡನೆಯೂ ಒಂದೇ ತರ ಮಾತಾಡುವುದಿಲ್ಲ. ತಮ್ಮನ ಮುಂದೆ ಆರೇ ಪದ ಆಡಿದ ಶಿವಣ್ಣ, ಮರುದಿನ ಕಾಯಿ ಕೀಳಲು ಬಂದ ಹುಡುಗನ ಜೊತೆ ಅರ್ಧ ಗಂಟೆ ಹರಟಬಲ್ಲ. ಯಾವ ಮರ ಯಾವ ವರ್ಷ ನೆಟ್ಟದ್ದು, ಯಾವುದಕ್ಕೆ ಸಿಡಿಲು ಹೊಡೆದಿತ್ತು, ಎಲ್ಲ ಹೇಳುತ್ತಾನೆ. ಹುಡುಗ ಮರದ ತುದಿಯಿಂದ, “ಮಾರ್ತೀರಂತಲ್ಲ ಅಣ್ಣೋ, ಹೌದಾ?” ಎಂದು ಕೂಗಿದಾಗ ಮಾತ್ರ ಮತ್ತೆ ಮೂಲೆ ಮರದ ನುಸಿ ನೆನಪಾಗುತ್ತದೆ.