ಅರಿಶಿನ, ತೊಗರಿಬೇಳೆಗಳ ಕೃತಕ ಬಣ್ಣವನ್ನು ಗುರುತಿಸುವ ಬಗೆ

ಹರಿದ್ರೆಯನ್ನು ಹಾಲಿನೊಡನೆ ನಿತ್ಯ ಸೇವಿಸಲು ರೋಗಿಗಳಿಗೆ ಸೂಚಿಸುವ ವೈದ್ಯನಿಗೆ, ಅವರು ಸೇವಿಸುತ್ತಿರುವ ಹಳದಿಯು ಅರಿಶಿನದ್ದೋ ಬಣ್ಣದ್ದೋ ಎಂಬ ಸಂದೇಹ ಬರುವುದು ಸಹಜ. ಮಾಸಲು ಬಣ್ಣದ ಹಳೆಯ ಅರಿಶಿನಕ್ಕೂ ಕಳೆಗುಂದಿದ ತೊಗರಿಬೇಳೆಗೂ ಹೊಳಪು ಬರಿಸಲು ಬೆರೆಸುವ ಬಣ್ಣಗಳಲ್ಲಿ ಮೆಟಾನಿಲ್ ಯೆಲ್ಲೋ ಎಂಬುದು ಮುಖ್ಯವಾದುದು. ಇದು ಬಟ್ಟೆ, ಚರ್ಮ, ಕಾಗದಗಳಿಗೆ ಹಾಕುವ ರಾಸಾಯನಿಕ ಬಣ್ಣ. ನಮ್ಮ ದೇಶದಲ್ಲಿ ಯಾವ ಆಹಾರಕ್ಕೂ ಇದನ್ನು ಸೇರಿಸಲು ಅನುಮತಿಯಿಲ್ಲ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದು ಯಕೃತ್ತಿಗೂ ನರಮಂಡಲಕ್ಕೂ ಹಾನಿಕಾರಕವೆಂದು ಕಂಡುಬಂದಿದೆ.

ಈ ಬಣ್ಣವನ್ನು ಮನೆಯಲ್ಲಿಯೇ ಗುರುತಿಸಲು ಅದರ ಎರಡು ಗುಣಗಳು ನೆರವಾಗುತ್ತವೆ. ಅದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ; ತೀಕ್ಷ್ಣವಾದ ಆಮ್ಲ ತಗುಲಿದಾಗ ಹಳದಿಯಿಂದ ಕೆಂಗುಲಾಬಿಗೆ ತಿರುಗುತ್ತದೆ. ಅರಿಶಿನದ ಸಹಜ ಬಣ್ಣವಾದ ಕರ್ಕ್ಯುಮಿನ್ ಹಾಗಲ್ಲ; ಅದು ಎಣ್ಣೆ, ಮದ್ಯಸಾರಗಳಲ್ಲಿ ಕರಗುತ್ತದೆಯೇ ಹೊರತು ತಣ್ಣೀರಿನಲ್ಲಿ ಕರಗುವುದು ಅತ್ಯಲ್ಪ. ಆದುದರಿಂದ ಮೊದಲು ನೀರಿನಿಂದ ಬಣ್ಣವನ್ನು ಬೇರ್ಪಡಿಸಿ, ಆ ನೀರಿಗೆ ಮಾತ್ರ ಆಮ್ಲ ಸೇರಿಸಬೇಕು. ಪುಡಿಯ ಮೇಲೆಯೇ ಆಮ್ಲ ಸುರಿದರೆ ಶುದ್ಧ ಅರಿಶಿನವೂ ಕೆಂಪು ಛಾಯೆ ತಾಳಿ ನಮ್ಮನ್ನು ದಾರಿ ತಪ್ಪಿಸುತ್ತದೆ. ಆರತಿಯ ಓಕುಳಿಗೆ ಅರಿಶಿನದ ನೀರಿನಲ್ಲಿ ಸುಣ್ಣ ಕದಡಿದಾಗ ಅದು ಕೆಂಪಾಗುವುದನ್ನು ಎಲ್ಲರೂ ಕಂಡಿದ್ದೇವೆ. ಕೆಂಪಾದ ಮಾತ್ರಕ್ಕೆ ಕಲಬೆರಕೆಯೆನ್ನಲಾಗದು.

ಇದಕ್ಕೆ ಬೇಕಾದುದು ಹೈಡ್ರೋಕ್ಲೋರಿಕ್ ಆಮ್ಲ. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಇದು ದೊರೆಯುತ್ತದೆ. ಅಲ್ಲಿನ ಶಿಕ್ಷಕರ ಸಮ್ಮುಖದಲ್ಲಿ ಪರೀಕ್ಷಿಸುವುದೇ ಕ್ಷೇಮ. ನಿಂಬೆರಸ ಅಥವಾ ಹುಣಸೆಹುಳಿ ಸಾಲದೇ ಎಂದು ಕೆಲವರು ಕೇಳುವುದುಂಟು. ಸಾಲದು. ಈ ಬಣ್ಣವನ್ನು ಕೆಂಪಾಗಿಸುವಷ್ಟು ತೀಕ್ಷ್ಣತೆ ಅವುಗಳಿಗಿಲ್ಲ. ನಿಂಬೆರಸ ಹಿಂಡಿದಾಗ ಬಣ್ಣ ಬದಲಾಗಲಿಲ್ಲವೆಂದು ಬೇಳೆ ಶುದ್ಧವೆಂದು ಭಾವಿಸಬಾರದು.

ಚಿಕಿತ್ಸೆಗೆ ಬರುವ ತಾಯಿಯೊಬ್ಬರು ಸಂತೆಯಲ್ಲಿ ಕೊಂಡ ಬಿಡಿ ತೊಗರಿಬೇಳೆಯನ್ನು ತಂದು ಕೊಟ್ಟಿದ್ದರು. ಹೋಲಿಕೆಗಾಗಿ, ಅವರ ತವರಿನ ಹೊಲದಲ್ಲಿ ಬೆಳೆದು ಮನೆಯಲ್ಲಿಯೇ ಒಡೆದ ಬೇಳೆಯನ್ನೂ ತರಿಸಿದೆ. ಎರಡು ಗಾಜಿನ ಲೋಟಗಳಲ್ಲಿ ಎರಡೆರಡು ಚಮಚ ಬೇಳೆ ಹಾಕಿ, ಅದು ಮುಳುಗುವಷ್ಟು ಉಗುರುಬೆಚ್ಚನೆಯ ನೀರೆರೆದು ಐದು ನಿಮಿಷ ಬಿಟ್ಟೆವು. ಮನೆಯ ಬೇಳೆಯ ನೀರು ಅಕ್ಕಿ ತೊಳೆದ ನೀರಿನಂತೆ ಮಸುಕಾಗಿತ್ತು. ಸಂತೆಯ ಬೇಳೆಯ ನೀರು ಢಾಳಾದ ಹಳದಿ. ಒಂದೊಂದರಿಂದ ಒಂದು ಚಮಚದಷ್ಟು ತಿಳಿನೀರನ್ನು ಬೇರೆ ಬೇರೆ ಗಾಜಿನ ನಳಿಕೆಗಳಿಗೆ ಬಸಿದು ಐದೈದು ಹನಿ ಆಮ್ಲ ಬಿಟ್ಟೆವು. ಮೊದಲನೆಯದರಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. ಎರಡನೆಯದು ಕ್ಷಣಮಾತ್ರದಲ್ಲಿ ಕಣಗಿಲೆ ಹೂವಿನ ಬಣ್ಣಕ್ಕೆ ತಿರುಗಿತು. "ಚೆನ್ನಾಗಿ ತೊಳೆದರೆ ಹೋಗುವುದಿಲ್ಲವೇ?" ಎಂದು ಅವರು ಕೇಳಿದರು. ಮೂರು ಬಾರಿ ತೊಳೆದ ನಂತರದ ನೀರಿಗೂ ಆಮ್ಲ ಬಿಟ್ಟು ತೋರಿಸಿದೆ. ಬಣ್ಣ ತಿಳಿಯಾಗಿತ್ತೇ ವಿನಾ ಮಾಯವಾಗಿರಲಿಲ್ಲ.

ಅರಿಶಿನದ ಪುಡಿಗೆ ಇನ್ನೊಂದು ಹೆಜ್ಜೆ ಹೆಚ್ಚು. ಕಾಲು ಚಮಚ ಪುಡಿಯನ್ನು ಒಂದು ಲೋಟ ತಣ್ಣೀರಿನ ಮೇಲೆ ಉದುರಿಸಿ, ಕಲಕದೆ ಇಪ್ಪತ್ತು ನಿಮಿಷ ಬಿಡಬೇಕು. ಶುದ್ಧವಾದ ಪುಡಿ ತಳಕ್ಕಿಳಿದು ಮೇಲಿನ ನೀರು ತಿಳಿಹಳದಿಯಾಗಿ ಉಳಿಯುತ್ತದೆ. ಆ ನೀರನ್ನು ಶೋಧಕ ಕಾಗದದಲ್ಲಿ ಸೋಸಿ, ಹಿಂದೆ ಹೇಳಿದಂತೆಯೇ ಆಮ್ಲ ಬಿಡಬೇಕು. ಗುಲಾಬಿ ಬಣ್ಣ ಮೂಡಿದರೆ ಅಷ್ಟೇ ಪ್ರಮಾಣದ ನೀರನ್ನು ಮತ್ತೆ ಸೇರಿಸಿ ನೋಡಬೇಕು. ಅರಿಶಿನದ್ದೇ ಕೆಂಪಾಗಿದ್ದರೆ ಅದು ಅಳಿಯುತ್ತದೆ. ಮೆಟಾನಿಲ್ ಯೆಲ್ಲೋ ಆಗಿದ್ದರೆ ಉಳಿಯುತ್ತದೆ. ಇಲ್ಲಿ ನೀರನ್ನು ಧಾರಾಳವಾಗಿ ಸುರಿಯಬಾರದು. ಆಮ್ಲವು ತೀರ ತೆಳುವಾದರೆ ಕಲಬೆರಕೆಯ ಬಣ್ಣವೂ ಹಳದಿಗೆ ಮರಳಿ, ಪುಡಿ ನಿರ್ದೋಷಿಯಂತೆ ತೋರುತ್ತದೆ.

ಆಮ್ಲವನ್ನು ಮುಟ್ಟುವಾಗ ಕೈಗವಸು ಇರಲಿ, ಕಿಟಕಿ ತೆರೆದಿರಲಿ. ಬ್ಲೀಚಿಂಗ್ ಪುಡಿ ಬಳಿಯಲ್ಲಿ ಇರಲೇಕೂಡದು. ಎರಡೂ ಬೆರೆತರೆ ವಿಷಾನಿಲ ಹೊಮ್ಮುತ್ತದೆ. ಪರೀಕ್ಷಿಸಿದ ಬೇಳೆಯನ್ನು ಅಡುಗೆಗೆ ಮರಳಿಸಬಾರದು.

ಗುಲಾಬಿ ಬಣ್ಣ ಮೂಡದಿದ್ದರೆ ಮೆಟಾನಿಲ್ ಯೆಲ್ಲೋ ಗೋಚರಿಸಲಿಲ್ಲವೆಂದಷ್ಟೇ ಅರ್ಥ. ಟಾರ್ಟ್ರಜಿನ್‌ನಂತಹ ಬೇರೆ ಹಳದಿ ಬಣ್ಣಗಳು ಆಮ್ಲಕ್ಕೆ ಹೀಗೆ ಕೆಂಪಾಗುವುದಿಲ್ಲ. ಇವೆಲ್ಲಕ್ಕಿಂತ ಅಪಾಯಕಾರಿಯಾದುದು ಅರಿಶಿನದ ಕೊಂಬಿಗೆ ಹೊಳಪು ಕೊಡಲು ಹಚ್ಚುವ ಸೀಸದ ಕ್ರೋಮೇಟ್. ಅದು ನೀರಿನಲ್ಲಿ ಕರಗದೆ ಪುಡಿಯೊಡನೆಯೇ ತಳಕ್ಕಿಳಿಯುವುದರಿಂದ ಈ ಪರೀಕ್ಷೆಗೆ ಸಿಕ್ಕುವುದಿಲ್ಲ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಸಂದೇಹವಿದ್ದರೆ ಪ್ರಯೋಗಾಲಯದ ಪರೀಕ್ಷೆಯೇ ಆಗಬೇಕು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 40ನೆಯ ಕಲಮಿನಂತೆ ಗ್ರಾಹಕನೇ ಶುಲ್ಕ ತೆತ್ತು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಆದರೆ ಹಾಗೆ ಮಾಡಿಸುವ ಉದ್ದೇಶವನ್ನು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿರಬೇಕು.